ನಿಮ್ಮ ಬಗ್ಗೆ ನೀವೇ ಅರ್ಧ ಪುಟ ಬರೆಯುವುದು: ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಅರ್ಜಿ, ಫೆಲೋಶಿಪ್, ಎಂ.ಎ. ಪ್ರವೇಶ ಹೀಗೆ ಯಾವುದಕ್ಕೆ ಹೊರಟರೂ ಒಂದು ಖಾಲಿ ಜಾಗ ಎದುರಾಗುತ್ತದೆ. ‘ನಿಮ್ಮ ಬಗ್ಗೆ 250 ಪದಗಳಲ್ಲಿ ಬರೆಯಿರಿ’ ಎಂದಿರುತ್ತದೆ. ಅಂಕಪಟ್ಟಿ, ಆಧಾರ್, ಫೋಟೊ ಎಲ್ಲ ಹಾಕಿ ಮುಗಿಸಿದವರು ಇಲ್ಲಿಗೆ ಬಂದು ನಿಂತುಬಿಡುತ್ತಾರೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಹುಡುಗ ಹುಡುಗಿಯರ ಇಂಥ ಅರ್ಜಿಗಳನ್ನು ಓದಿ ತಿದ್ದಿಕೊಡುವುದು ನನ್ನ ಅಭ್ಯಾಸ. ಅವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಪಿ.ಎಸ್‌.ಸಿ. ಪರೀಕ್ಷೆಗೆ ಮಾತ್ರ ಓದುತ್ತಿರುವವರಿಗೆ ಇದು ಸದ್ಯಕ್ಕೆ ಬೇಕಾಗುವುದಿಲ್ಲ. ಅಲ್ಲಿ ಮಾತಾಡುವುದು ಸರ್ಟಿಫಿಕೇಟು ಮತ್ತು ಅಂಕ.

## ಶುರು ಮಾಡುವ ಮೊದಲು

“ಆತ್ಮಪ್ರಶಂಸೆ ಆತ್ಮಹತ್ಯೆಗೆ ಸಮ ಅಂತ ಅಜ್ಜ ಹೇಳ್ತಿದ್ದರು. ಈಗ ಅರ್ಜಿಯಲ್ಲಿ ಅದನ್ನೇ ಮಾಡಿ ಅಂದರೆ ಹೇಗೆ?”

ಅಜ್ಜ ಹೇಳಿದ ಮಾತಿನ ಹಿಂದೆ ಒಂದು ಪ್ರಸಂಗ ಇದೆ. ನಮ್ಮ ಕಡೆಯವರು ತಾಳಮದ್ದಳೆಯಲ್ಲಿ ಕೇಳಿಯೇ ಇರುತ್ತಾರೆ. ಕರ್ಣಪರ್ವದಲ್ಲಿ ಧರ್ಮರಾಯ ಸಿಟ್ಟಿನಲ್ಲಿ ಗಾಂಡೀವವನ್ನು ಹಳಿಯುತ್ತಾನೆ. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವನನ್ನು ಕೊಲ್ಲುತ್ತೇನೆಂದು ಅರ್ಜುನನ ಪ್ರತಿಜ್ಞೆ ಇದೆ. ಅಣ್ಣನನ್ನು ಕೊಲ್ಲುವುದು ಹೇಗೆ? ಹಿರಿಯರನ್ನು ಬಾಯಿಗೆ ಬಂದಂತೆ ಬೈದರೆ ಅದೇ ಕೊಂದ ಹಾಗೆ ಎಂದು ಕೃಷ್ಣ ದಾರಿ ತೋರಿಸುತ್ತಾನೆ. ಬೈದ ಮೇಲೆ ಅರ್ಜುನನಿಗೆ ತನ್ನ ಮೇಲೆಯೇ ಹೇಸಿಗೆಯಾಗಿ ಸಾಯಲು ಹೊರಡುತ್ತಾನೆ. ಆಗ ಕೃಷ್ಣ, ನಿನ್ನನ್ನು ನೀನೇ ಹೊಗಳಿಕೋ, ಸತ್ತ ಲೆಕ್ಕವೇ ಎನ್ನುತ್ತಾನೆ.

ಆಗ ಅರ್ಜುನ ಏನು ಹೇಳಿಕೊಂಡ ಎಂಬುದನ್ನು ಗಮನಿಸಿ. ಶಿವನೊಬ್ಬನನ್ನು ಬಿಟ್ಟರೆ ನನ್ನಂಥ ಬಿಲ್ಲುಗಾರ ಇನ್ನೊಬ್ಬ ಇಲ್ಲ ಎಂದ. ಅಂದರೆ ಉಳಿದ ಎಲ್ಲರನ್ನೂ ತನ್ನ ಕೆಳಗೆ ಕೂರಿಸಿದ. ನಮ್ಮ ಹಿರಿಯರಿಗೆ ಸಹಿಸದೇ ಇದ್ದದ್ದು ಈ ಬಗೆಯ ಮಾತು. ಅರ್ಜಿಯಲ್ಲಿ ಇದು ಬೇಕಾಗಿಲ್ಲ. ಯಾರಿಗಿಂತಲೂ ನೀವು ದೊಡ್ಡವರು ಎಂದು ಬರೆಯಬೇಕಾಗಿಲ್ಲ.

ಅದೇ ತಾಳಮದ್ದಳೆಯಲ್ಲಿ ಪೀಠಿಕೆ ಎಂಬುದೂ ಇದೆಯಲ್ಲ. ಪಾತ್ರ ಬಂದು ಕೂತ ಕೂಡಲೇ ತಾನು ಯಾರು, ಇಲ್ಲಿಯವರೆಗೆ ಏನು ನಡೆಯಿತು, ಈಗ ಯಾಕೆ ಬಂದೆ ಎಂದು ಹೇಳುತ್ತದೆ. ಅದನ್ನು ಯಾರೂ ಜಂಬ ಎನ್ನುವುದಿಲ್ಲ. ಹೇಳದಿದ್ದರೆ ಕೇಳುವವರಿಗೆ ಮುಂದಿನ ಮಾತು ಅರ್ಥವಾಗುವುದಿಲ್ಲ, ಅಷ್ಟೆ. ಅರ್ಜಿಯ ಅರ್ಧ ಪುಟವೂ ಪೀಠಿಕೆಯೇ. ಉದ್ದವಾದರೆ ಸಭೆ ಆಕಳಿಸುತ್ತದೆ ಎಂಬುದೂ ಎರಡಕ್ಕೂ ಸಮಾನ.

“ತುಂಬಿದ ಕೊಡ ತುಳುಕುವುದಿಲ್ಲ ಅಲ್ವಾ? ಯೋಗ್ಯತೆ ಇದ್ದರೆ ಅವರಿಗೇ ಗೊತ್ತಾಗುತ್ತದೆ.”

ಊರಿನಲ್ಲಿ ಗೊತ್ತಾಗುತ್ತದೆ. ನೀವು ಯಾರ ಮಗ, ಯಾವ ಶಾಲೆಗೆ ಹೋದವರು, ಜಾತ್ರೆಯಲ್ಲಿ ಊಟದ ಪಂಕ್ತಿ ನೋಡಿಕೊಂಡವರು ಯಾರು ಎಂದೆಲ್ಲ ನೋಡಿದವರು ಅಲ್ಲಿದ್ದಾರೆ. ನೀವು ಬಾಯಿ ಮುಚ್ಚಿಕೊಂಡಿದ್ದರೂ ಅವರು ಹೇಳುತ್ತಾರೆ. ಬೆಂಗಳೂರಿನಲ್ಲಿ ಅರ್ಜಿ ಓದುವವರಿಗೆ ಈ ಸಾಕ್ಷಿಗಳು ಯಾರೂ ಇಲ್ಲ. ಅವರ ಮುಂದೆ ನಿಮ್ಮ ಕಾಗದ ಮಾತ್ರ ಇದೆ. ಅದರಲ್ಲಿ ‘ಹೆಚ್ಚಿನ ಅನುಭವ ಇಲ್ಲ’ ಎಂದು ಬರೆದರೆ ಅವರು ಅದನ್ನು ವಿನಯ ಎಂದು ಓದುವುದಿಲ್ಲ. ಅನುಭವ ಇಲ್ಲ ಎಂದೇ ಓದುತ್ತಾರೆ. ಊರಿನಲ್ಲಿ ಹಾಗೆ ಹೇಳಿದರೆ ಎದುರಿನವರು ‘ಛೆ, ಹಾಗನ್ಬೇಡ ಮಾರಾಯ’ ಎಂದು ತಿದ್ದುತ್ತಾರೆ. ಅರ್ಜಿಯಲ್ಲಿ ತಿದ್ದುವವರು ಯಾರೂ ಇರುವುದಿಲ್ಲ.

“ಹೇಳಿಕೊಳ್ಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಎಲ್ಲಿಂದ ತರಲಿ?”

ಈ ಪ್ರಶ್ನೆ ಕೇಳಿದವರ ಹತ್ತಿರ ‘ನಿನ್ನ ಸಾಧನೆ ಏನು?’ ಎಂದು ನಾನು ಕೇಳುವುದಿಲ್ಲ. ಆ ಮಾತು ಕೇಳಿದ ತಕ್ಷಣ ಎಲ್ಲರಿಗೂ ಕಪ್, ಫಲಕ, ಶಾಲು ನೆನಪಾಗುತ್ತವೆ. ‘ನಿನ್ನ ಹತ್ತಿರ ಜನ ಏನು ಕೇಳಿಕೊಂಡು ಬರುತ್ತಾರೆ?’ ಎಂದು ಕೇಳುತ್ತೇನೆ. ಆಗ ಮಾತು ಹೊರಡುತ್ತದೆ. ನೆರೆಮನೆಯವರು ಪಿಂಚಣಿ ಫಾರಂ ತುಂಬಿಸಲು ಬರುತ್ತಾರೆ. ಮಾವ ಫೋನಿನಲ್ಲಿ ಅಡಿಕೆ ಧಾರಣೆ ನೋಡಿಕೊಡು ಎನ್ನುತ್ತಾರೆ. ಕ್ಲಬ್ಬಿನವರು ವಾರ್ಷಿಕೋತ್ಸವದ ಖರ್ಚಿನ ಲೆಕ್ಕ ಕೊಡುತ್ತಾರೆ. ಜನ ಸುಮ್ನೆ ಬರುವುದಿಲ್ಲ. ನಿಮಗೆ ಅದು ಬರುತ್ತದೆ ಎಂದು ನೋಡಿಯೇ ಬರುತ್ತಾರೆ.

ಒಂದು ಹಾಳೆಯಲ್ಲಿ ಹೀಗೆ ಕೇಳಿಕೊಂಡು ಬಂದ ಕೆಲಸಗಳನ್ನು ಬರೆಯಿರಿ. ಪ್ರತಿಯೊಂದರ ಎದುರು ಮೂರು ವಿಷಯ ಸಾಕು. ಮೊದಲು ಹೇಗಿತ್ತು, ನೀವು ಕೈಯಾರೆ ಏನು ಮಾಡಿದಿರಿ, ಆಮೇಲೆ ಏನು ಬದಲಾಯಿತು. ಮೂರನೆಯದು ಖಾಲಿ ಉಳಿದರೆ ಪರವಾಗಿಲ್ಲ. ಎರಡನೆಯದು ಖಾಲಿ ಉಳಿದರೆ ಆ ಕೆಲಸವನ್ನು ಬಿಡಿ. ನೀವು ಅಲ್ಲಿ ಇದ್ದಿರಿ ಅಷ್ಟೆ, ಮಾಡಿದವರು ಬೇರೆ ಯಾರೋ.

ಈ ಹಾಳೆಯನ್ನು ಅರ್ಜಿಯ ಕೊನೆ ದಿನ ಬರೆಯಬೇಡಿ. ಗಡಿಬಿಡಿಯಲ್ಲಿ ಬರೆಯಲು ಕೂತರೆ ಹಳೆಯ ವಿನಯದ ವಾಕ್ಯಗಳೇ ಮೊದಲು ಬರುತ್ತವೆ.

## ಬರೆಯಲು ಕೂತಾಗ

“ಒಂದು ಉದಾಹರಣೆ ಕೊಟ್ಟು ತೋರಿಸಿ. ಹಾಗೆ ಬರಿ, ಹೀಗೆ ಬರಿ ಅಂದರೆ ತಲೆಗೆ ಹೋಗಲ್ಲ.”

ಬದಿಯಡ್ಕ ಕಡೆಯ ಒಬ್ಬ ಹುಡುಗಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬಿ.ಎ. ಮುಗಿದಿತ್ತು. ಮಂಗಳೂರಿನಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಗೆ ಅರ್ಜಿ ಹಾಕುವವಳಿದ್ದಳು. ಅವಳ ಮೊದಲ ಕರಡು ಹೀಗಿತ್ತು:

> ನಾನು ಒಂದು ಸಾಧಾರಣ ಕೃಷಿ ಕುಟುಂಬದಲ್ಲಿ ಹುಟ್ಟಿದವಳು. ಹಿರಿಯರ ಆಶೀರ್ವಾದದಿಂದ ಬಿ.ಎ. ಮುಗಿಸಿದ್ದೇನೆ. ನನಗೆ ಹೆಚ್ಚಿನ ಅನುಭವವೇನೂ ಇಲ್ಲ. ಊರಿನ ಕುಟುಂಬಶ್ರೀ ಘಟಕದ ಕೆಲಸಗಳಲ್ಲಿ ಅಲ್ಪಸ್ವಲ್ಪ ಸಹಾಯ ಮಾಡಿದ್ದೇನೆ. ಅವಕಾಶ ಕೊಟ್ಟರೆ ನನ್ನ ಕೈಲಾದಷ್ಟು ಪ್ರಾಮಾಣಿಕವಾಗಿ ದುಡಿಯುತ್ತೇನೆ.

ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಈ ಐದು ವಾಕ್ಯಗಳನ್ನು ಅವಳ ಪಕ್ಕದ ಮನೆಯ ಹುಡುಗಿಯ ಅರ್ಜಿಗೆ ಹಾಗೇ ಅಂಟಿಸಬಹುದು. ಅದೇ ಇದರ ತೊಂದರೆ. ಓದುವವರಿಗೆ ಇವಳು ಯಾರು ಎಂದು ಗೊತ್ತಾಗುವ ಒಂದೇ ಒಂದು ಎಳೆ ‘ಕುಟುಂಬಶ್ರೀ’. ಅದನ್ನೂ ‘ಅಲ್ಪಸ್ವಲ್ಪ ಸಹಾಯ’ ಎಂದು ಮುಚ್ಚಿಟ್ಟಿದ್ದಾಳೆ.

ಸಹಾಯ ಅಂದರೆ ಏನು ಮಾಡಿದ್ದು ಎಂದು ಕೇಳಿದೆ. ಲೆಕ್ಕ ಬರೆಯುತ್ತಿದ್ದೆ ಎಂದಳು. ಎಷ್ಟು ಜನರದ್ದು? 16 ಜನರದ್ದು. ಎಷ್ಟು ಕಾಲ? ಎರಡು ವರ್ಷ, ಪ್ರತಿ ವಾರದ ಸಭೆಯಲ್ಲಿ. ಮೊದಲು ಹೇಗೆ ಬರೆಯುತ್ತಿದ್ದರು? ಒಂದೇ ಪುಸ್ತಕದಲ್ಲಿ, ದಿನಾಂಕದ ಪ್ರಕಾರ. ಹಾಗಾದರೆ ಯಾರ ಬಾಕಿ ಎಷ್ಟು ಅಂತ ಗೊತ್ತಾಗುತ್ತಿದ್ದದ್ದು ಹೇಗೆ? ಇಲ್ಲಿ ಅವಳಿಗೆ ನಗು ಬಂತು. ಗೊತ್ತಾಗುತ್ತಿರಲಿಲ್ಲ, ಹಿಂದಿನ ಪುಟಗಳನ್ನೆಲ್ಲ ತಿರುವಬೇಕಿತ್ತು, ಅದಕ್ಕೇ ಜಗಳ ಆಗುತ್ತಿತ್ತು ಎಂದಳು. ಆಮೇಲೆ ಒಂದೊಂದಾಗಿ ಹೊರಬಂತು. ಅವಳು ಹೊಸ ಪುಸ್ತಕ ತಂದು ಒಬ್ಬೊಬ್ಬರಿಗೆ ಒಂದೊಂದು ಪುಟ ಮಾಡಿದ್ದಳು. ಬ್ಯಾಂಕ್ ಸಾಲದ ಕಾಗದ ಮಲಯಾಳದಲ್ಲಿ ಬಂದಾಗ, ಸಹಿ ಹಾಕುವ ಮೊದಲು ಕನ್ನಡದಲ್ಲೂ ತುಳುವಿನಲ್ಲೂ ಓದಿ ಹೇಳುತ್ತಿದ್ದಳು. ಇದನ್ನೆಲ್ಲ ಯಾಕೆ ಬರೆಯಲಿಲ್ಲ ಎಂದರೆ, ‘ಅದು ಮನೆ ಕೆಲಸದ ಹಾಗೆ ಅಲ್ವಾ’ ಎಂದಳು.

ತಿದ್ದಿದ ಮೇಲೆ ಹೀಗಾಯಿತು:

> ನಮ್ಮ ವಾರ್ಡಿನ 16 ಸದಸ್ಯೆಯರ ಕುಟುಂಬಶ್ರೀ ಘಟಕದ ಲೆಕ್ಕಪುಸ್ತಕವನ್ನು ಎರಡು ವರ್ಷ ಬರೆದಿದ್ದೇನೆ. ಘಟಕದ ಕಾರ್ಯದರ್ಶಿ ನನ್ನ ಅಮ್ಮ. ಮೊದಲು ಎಲ್ಲರ ಉಳಿತಾಯ ಮತ್ತು ಸಾಲ ಒಂದೇ ಪುಸ್ತಕದಲ್ಲಿ ದಿನಾಂಕದ ಪ್ರಕಾರ ಇತ್ತು. ಯಾರ ಬಾಕಿ ಎಷ್ಟು ಎಂದು ಹೇಳುವುದು ಕಷ್ಟವಾಗಿ ಜಗಳವಾಗುತ್ತಿತ್ತು. ನಾನು ಒಬ್ಬೊಬ್ಬರಿಗೆ ಒಂದೊಂದು ಪುಟ ಮಾಡಿದೆ. ಸಭೆ ಮುಗಿಯುವ ಮೊದಲು ಅವರವರ ಪುಟದಲ್ಲಿ ಅವರಿಂದಲೇ ಸಹಿ ಮಾಡಿಸಿದೆ. ಮಲಯಾಳದಲ್ಲಿ ಬರುತ್ತಿದ್ದ ಸಾಲದ ಕಾಗದಗಳನ್ನು ಸಹಿಗೆ ಮುಂಚೆ ಕನ್ನಡ ಮತ್ತು ತುಳುವಿನಲ್ಲಿ ಓದಿ ವಿವರಿಸಿದೆ. ಅದರ ನಂತರದ ಆಡಿಟ್‌ನಲ್ಲಿ ಪುಸ್ತಕವೂ ಪಾಸ್‌ಬುಕ್ಕೂ ತಾಳೆಯಾದವು. ಪಕ್ಕದ ಘಟಕದವರು ಅದೇ ರೀತಿಯ ಪುಸ್ತಕ ಮಾಡಿಕೊಂಡರು.

ಇದರಲ್ಲಿ ಒಂದೂ ಹೊಗಳಿಕೆಯ ಪದ ಇಲ್ಲ. ‘ಪರಿಶ್ರಮಿ’, ‘ನಾಯಕತ್ವ ಗುಣ’ ಎಂದು ಎಲ್ಲಿಯೂ ಬರೆದಿಲ್ಲ. ಓದಿದವರಿಗೆ ಆ ಅಭಿಪ್ರಾಯ ತಾನಾಗಿ ಬರುತ್ತದೆ. ನೀವು ಕೆಲಸ ಹೇಳಬೇಕು, ತೀರ್ಪು ಅವರು ಕೊಡಬೇಕು. ಮುಜುಗರ ಹುಟ್ಟುವುದು ತೀರ್ಪನ್ನೂ ನಾವೇ ಬರೆಯಲು ಹೊರಟಾಗ.

ಒಂದು ವಾಕ್ಯವನ್ನು ನಾವು ಹೊಡೆದುಹಾಕಿದೆವು. ಹುರುಪು ಬಂದ ಮೇಲೆ ಅವಳು ‘ನನ್ನಿಂದಾಗಿ ಸಾಲದ ಮರುಪಾವತಿ ಸುಧಾರಿಸಿತು’ ಎಂದು ಸೇರಿಸಿದ್ದಳು. ಮರುಪಾವತಿ ಸುಧಾರಿಸಿದ್ದು ನಿಜವೇ ಇರಬಹುದು. ಆದರೆ ಆ ವರ್ಷ ಅಡಿಕೆಗೆ ಒಳ್ಳೆ ಧಾರಣೆಯೂ ಇತ್ತು. ಯಾವುದರಿಂದ ಎಷ್ಟು ಎಂದು ಅವಳಿಗೂ ಗೊತ್ತಿಲ್ಲ. ಪುಸ್ತಕ ತಾಳೆಯಾಯಿತು ಎಂಬುದಕ್ಕೆ ಪುಸ್ತಕವೇ ಸಾಕ್ಷಿ. ಅಲ್ಲಿಗೆ ನಿಲ್ಲಿಸಿದ್ದು ಸರಿಯಾಯಿತು.

“ಪ್ರತಿ ಸಾಲಿನಲ್ಲೂ ‘ನಾನು’ ‘ನಾನು’ ಅಂತ ಬರೆದರೆ ನನಗೇ ಅಸಹ್ಯ. ‘ನಾವು’ ಅಂತ ಹಾಕಲಾ?”

ಬೇಡ. ಕನ್ನಡದಲ್ಲಿ ಇದಕ್ಕೆ ಸುಲಭದ ದಾರಿ ಇದೆ. ‘ಬರೆದೆ’, ‘ಮಾಡಿದ್ದೇನೆ’ ಎಂದರೆ ಕ್ರಿಯಾಪದದ ಕೊನೆಯಲ್ಲೇ ‘ನಾನು’ ಇದೆ. ಪ್ಯಾರಾದ ಶುರುವಿನಲ್ಲಿ ಒಮ್ಮೆ, ಯಾರು ಮಾಡಿದ್ದು ಎಂದು ಗೊಂದಲ ಆಗುವ ಕಡೆ ಇನ್ನೊಮ್ಮೆ ‘ನಾನು’ ಹಾಕಿ. ಉಳಿದ ಕಡೆ ಬಿಟ್ಟುಬಿಡಿ. ಮೇಲಿನ ಉದಾಹರಣೆಯನ್ನು ಮತ್ತೆ ನೋಡಿ. ‘ನಾನು’ ಬಂದಿರುವುದು ಒಂದೇ ಸಲ.

ನಾಚಿಕೆಯಿಂದ ನಾವು ಹಿಡಿಯುವ ತಪ್ಪು ದಾರಿ ‘ಮಾಡಲಾಯಿತು’. ‘ಹೊಸ ಲೆಕ್ಕಪುಸ್ತಕ ತಯಾರಿಸಲಾಯಿತು’, ‘ಶಿಬಿರ ಆಯೋಜಿಸಲಾಯಿತು’. ಪಂಚಾಯತಿನ ವರದಿಯ ಭಾಷೆ ಇದು. ಕೆಲಸ ಆಗಿದೆ, ಮಾಡಿದವರು ಯಾರೂ ಇಲ್ಲ. ಅರ್ಜಿ ಓದುವವರಿಗೆ ಬೇಕಾದದ್ದು ಅದೊಂದೇ ಮಾಹಿತಿ, ಯಾರು ಮಾಡಿದ್ದು ಅಂತ.

ಬರೆದು ಮುಗಿಸಿದ ಮೇಲೆ ಪೆನ್ನು ಹಿಡಿದು ಈ ಪದಗಳನ್ನು ಹುಡುಕಿ: ಅಲ್ಪಸ್ವಲ್ಪ, ಕೈಲಾದಷ್ಟು, ಏನೋ ಒಂದಿಷ್ಟು, ಭಾಗವಹಿಸಿದ್ದೇನೆ, ಅವಕಾಶ ಸಿಕ್ಕಿತು, ಪ್ರಯತ್ನಿಸಿದ್ದೇನೆ. ಎಲ್ಲವನ್ನೂ ಕಣ್ಣು ಮುಚ್ಚಿ ಹೊಡೆಯಬೇಡಿ. ಮಾಡಲು ಹೊರಟು ಆಗದೇ ಹೋದ ಕೆಲಸಕ್ಕೆ ‘ಪ್ರಯತ್ನಿಸಿದೆ’ ಸರಿಯಾದ ಪದ. ಮಾಡಿ ಮುಗಿಸಿದ ಕೆಲಸಕ್ಕೆ ಅದನ್ನು ಹಾಕಿದರೆ ಓದುವವರು ಅದು ಕೈಗೂಡಲಿಲ್ಲ ಎಂದುಕೊಳ್ಳುತ್ತಾರೆ.

“ಕೆಲಸ ಎಲ್ಲರೂ ಸೇರಿ ಮಾಡಿದ್ದು. ನನ್ನದು ಅಂತ ಹೇಳಿದರೆ ಉಳಿದವರಿಗೆ ಮೋಸ ಅಲ್ವಾ?”

ಪೂರ್ತಿ ನಿಮ್ಮದು ಎಂದರೆ ಮೋಸವೇ. ಅದಕ್ಕೆ ಮೊದಲ ವಾಕ್ಯದಲ್ಲಿ ಎಲ್ಲರ ಹೆಸರಿನಲ್ಲಿ ಕೆಲಸ ಹೇಳಿ, ಎರಡನೆಯದರಲ್ಲಿ ನಿಮ್ಮ ಪಾಲು ಹೇಳಿ. ‘ನಮ್ಮ ಗ್ರಂಥಾಲಯದ ಐದು ಜನ ಸೇರಿ ಬೇಸಿಗೆ ಶಿಬಿರ ನಡೆಸಿದೆವು. ಮಕ್ಕಳ ಹೆಸರು ನೋಂದಾಯಿಸುವುದು ಮತ್ತು ಊಟದ ವ್ಯವಸ್ಥೆ ನನ್ನದು.’ ಇಷ್ಟು ಬರೆದರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಉಳಿದ ನಾಲ್ವರು ಓದಿದರೂ ಹೌದು ಎನ್ನುತ್ತಾರೆ.

ಅಧಿಕಾರ ಒಬ್ಬರದ್ದು, ಕೆಲಸ ಇನ್ನೊಬ್ಬರದ್ದು ಆಗಿರುವುದು ನಮ್ಮಲ್ಲಿ ಬಹಳ. ಬದಿಯಡ್ಕದ ಹುಡುಗಿಯದ್ದೂ ಅದೇ. ಕಾಗದದಲ್ಲಿ ಕಾರ್ಯದರ್ಶಿ ಅಮ್ಮ, ಪುಸ್ತಕ ಬರೆದದ್ದು ಮಗಳು. ‘ನಾನು ಕಾರ್ಯದರ್ಶಿಯಾಗಿದ್ದೆ’ ಎಂದರೆ ಸುಳ್ಳು. ಸುಮ್ಮನಿದ್ದರೆ ಎರಡು ವರ್ಷದ ಕೆಲಸ ಮಾಯ. ಎರಡನ್ನೂ ಇದ್ದ ಹಾಗೆ ಬರೆದರೆ ಆಯಿತು. ಸ್ಥಾನದ ಹೆಸರು ಬಿಟ್ಟು ಕೆಲಸದ ಹೆಸರು ಹೇಳುವುದು ಇಂಥ ಕಡೆ ಯಾವತ್ತೂ ಒಳ್ಳೆಯದು.

“ಅಂಕಿಸಂಖ್ಯೆ ಹಾಕಿ ಅಂತಾರೆ. ನಮ್ಮದೆಲ್ಲ ಸಣ್ಣ ಸಣ್ಣ ಲೆಕ್ಕ. ಹಾಕಿದರೆ ನಗ್ತಾರೆ.”

ಸಂಖ್ಯೆ ಸಣ್ಣದಾದರೆ ಅದರ ಪಕ್ಕದಲ್ಲಿ ಒಟ್ಟು ಎಷ್ಟು ಎಂಬುದನ್ನು ಇಡಿ. ‘9 ಮಕ್ಕಳಿಗೆ ಪಾಠ ಹೇಳಿಕೊಟ್ಟೆ’ ಎಂದರೆ ಸಣ್ಣದಾಗಿ ಕಾಣುತ್ತದೆ. ‘ನಮ್ಮ ಶಾಲೆಯ ಏಳನೇ ಕ್ಲಾಸಿನಲ್ಲಿ 11 ಮಕ್ಕಳು. ಅವರಲ್ಲಿ 9 ಮಂದಿ ಸಂಜೆ ನನ್ನ ಹತ್ತಿರ ಗಣಿತಕ್ಕೆ ಬರುತ್ತಿದ್ದರು’ ಎಂದರೆ ಸಂಖ್ಯೆ ಅದೇ, ಅರ್ಥ ಬೇರೆ. ಕನ್ನಡ ಮಾಧ್ಯಮದ ಒಂದು ಗಡಿ ಶಾಲೆಯಲ್ಲಿ ಕ್ಲಾಸು ಎಷ್ಟು ದೊಡ್ಡದು ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಅದನ್ನು ಹೇಳುವುದು ನಿಮ್ಮ ಕೆಲಸ.

ಅಂದಾಜು ಸಂಖ್ಯೆಯಾದರೆ ‘ಸುಮಾರು’ ಎಂದು ಸೇರಿಸಿ. ನೆನಪೇ ಇಲ್ಲದಿದ್ದರೆ ಸಂಖ್ಯೆ ಬೇಡ. ಎಲ್ಲದಕ್ಕೂ ಶೇಕಡಾ ಹಾಕುವ ಚಾಳಿಯೂ ಬೇಡ. 11 ಮಕ್ಕಳ ಕ್ಲಾಸಿನಲ್ಲಿ ‘ಶೇ. 82’ ಎಂದು ಬರೆದರೆ ಓದುವವರಿಗೆ ಏನೋ ಮುಚ್ಚಿಡುತ್ತಿದ್ದೀರಿ ಅನ್ನಿಸುತ್ತದೆ.

## ಸ್ವಲ್ಪ ಕಗ್ಗಂಟಿನ ಪ್ರಶ್ನೆಗಳು

“ಡಿಗ್ರಿ ಆದ ಮೇಲೆ ಮೂರು ವರ್ಷ ಮನೇಲೇ ಇದ್ದೆ. ತೋಟ ನೋಡ್ಕೊಂಡೆ. ಅದನ್ನೇನು ಬರೆಯೋದು?”

ಅಪ್ಪನಿಗೆ ಹುಷಾರಿಲ್ಲದೆ ತೋಟಕ್ಕೆ ಇಳಿದ ಹುಡುಗರು ಈ ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಹೆಚ್ಚಿನವರು ಆ ವರ್ಷಗಳನ್ನು ಖಾಲಿ ಬಿಡುತ್ತಾರೆ. ಓದುವವರು ಆ ಖಾಲಿ ಜಾಗವನ್ನೇ ಮೊದಲು ನೋಡುತ್ತಾರೆ. ಇನ್ನು ಕೆಲವರು ಯಾರದ್ದೋ ಸಲಹೆ ಕೇಳಿ ‘ಕೃಷಿ ಉದ್ಯಮಿ’ ಎಂದು ಬರೆಯುತ್ತಾರೆ. ಅದನ್ನು ಓದಿದರೆ ನನಗೂ ನಗು ಬರುತ್ತದೆ.

ತೋಟ ನೋಡಿಕೊಳ್ಳುವುದು ಅಂದರೆ ಏನು ಎಂದು ಬಿಡಿಸಿ ನೋಡಿ. ಅಡಿಕೆಗೆ ಮಳೆ ಹಿಡಿಯುವ ಮೊದಲು ಕೊಳೆರೋಗದ ಮದ್ದು ಬಿಡಬೇಕು. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಒಂದೂವರೆ ತಿಂಗಳು ಆಗುವಷ್ಟರಲ್ಲಿ ಎರಡನೇ ಸಲ ಬಿಡಬೇಕು. ಆಗ ಮಳೆ ಬಿಡುವು ಕೊಡುವುದೇ ಕೆಲವು ದಿನ. ಅದೇ ದಿನಗಳಿಗೆ ಊರವರೆಲ್ಲ ಮರ ಹತ್ತುವವರನ್ನು ಹುಡುಕುತ್ತಿರುತ್ತಾರೆ. ಅವರನ್ನು ಮೊದಲೇ ಮಾತಾಡಿಸಿ ಗೊತ್ತು ಮಾಡಿಕೊಂಡು, ಸಾಮಾನು ತಂದಿಟ್ಟು, ಕೂಲಿ ಲೆಕ್ಕ ಇಟ್ಟು, ಒಂದು ಸುತ್ತು ತಪ್ಪದಂತೆ ನಡೆಸುವುದು ಸಣ್ಣ ಕೆಲಸ ಅಲ್ಲ. ಹೀಗೆ ಬರೆಯಬಹುದು:

> ತಂದೆಯ ಅನಾರೋಗ್ಯದಿಂದ ಮೂರು ವರ್ಷ ಮನೆಯ ಎರಡು ಎಕರೆ ಅಡಿಕೆ ತೋಟವನ್ನು ನಡೆಸಿದೆ. ಮಳೆಗಾಲದ ಎರಡೂ ಸುತ್ತಿನ ಔಷಧ ಸಿಂಪಡಣೆಗೆ ಕೆಲಸದವರನ್ನು ಗೊತ್ತು ಮಾಡುವುದು, ಸಾಮಾನು ಖರೀದಿ, ಕೂಲಿ ಮತ್ತು ಮಾರಾಟದ ಲೆಕ್ಕ ನನ್ನ ಜವಾಬ್ದಾರಿಯಾಗಿತ್ತು.

ಕಾರಣ ಒಂದು ಮಾತಿನಲ್ಲಿ ಬಂತು. ಕ್ಷಮೆ ಕೇಳಿಲ್ಲ, ಅನುಕಂಪವನ್ನೂ ಕೇಳಿಲ್ಲ. ಲಾಜಿಸ್ಟಿಕ್ಸ್, ಖರೀದಿ, ಸಂಘಟನೆ ಇರುವ ಕೆಲಸಕ್ಕೆ ಇದು ನೇರವಾಗಿ ಹೊಂದುತ್ತದೆ. ಎಂ.ಎ. ಪ್ರವೇಶಕ್ಕಾದರೆ ಮೊದಲ ವಾಕ್ಯ ಸಾಕು, ಉಳಿದ ಜಾಗ ಓದಿನ ಬಗ್ಗೆ ಇರಲಿ.

“ಓದಿದ್ದು ಕನ್ನಡ ಮೀಡಿಯಂ. ಮಲಯಾಳ ಮಾತಾಡ್ತೇನೆ, ಬರೆಯಲು ಕಷ್ಟ. ಇಂಗ್ಲಿಷಿಗೆ ಹೆದರಿಕೆ. ಭಾಷೆ ಅನ್ನೋ ಕಾಲಂ ಬಂದರೆ ಏನು ಮಾಡೋದು?”

ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ, ಆಫೀಸಿನಲ್ಲಿ ಮಲಯಾಳ. ಎಲ್ಲರಿಗೂ ಬರುತ್ತದೆ ಎಂಬ ಕಾರಣಕ್ಕೆ ನಮ್ಮವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಸರಗೋಡು ದಾಟಿದರೆ ಇದು ಎಲ್ಲರಿಗೂ ಬರುವುದಿಲ್ಲ.

‘ಬರುತ್ತದೆ’, ‘ಸ್ವಲ್ಪ ಬರುತ್ತದೆ’ ಎಂದು ಬರೆಯುವ ಬದಲು ಆ ಭಾಷೆಯಲ್ಲಿ ಯಾವ ಕೆಲಸ ಮಾಡಬಲ್ಲಿರಿ ಎಂದು ಬರೆಯಿರಿ. ‘ಮಲಯಾಳ: ಸರಾಗವಾಗಿ ಮಾತಾಡುತ್ತೇನೆ, ಸರ್ಕಾರಿ ಸುತ್ತೋಲೆ ಓದಿ ಕನ್ನಡದಲ್ಲಿ ವಿವರಿಸಬಲ್ಲೆ, ಬರೆಯುವ ಅಭ್ಯಾಸ ಕಡಿಮೆ.’ ಇಂಗ್ಲಿಷಿಗೂ ಇದೇ ಲೆಕ್ಕ. ‘ನನ್ನ ವಿಷಯದ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಓದುತ್ತೇನೆ, ಇಮೇಲ್ ಬರೆಯುತ್ತೇನೆ, ಮಾತಾಡಲು ಸಮಯ ಬೇಕಾಗುತ್ತದೆ.’ ಇದು ತಗ್ಗಿ ಹೇಳಿದ್ದೂ ಅಲ್ಲ, ಉಬ್ಬಿಸಿದ್ದೂ ಅಲ್ಲ. ಆರಂಭದ ಎ1ರಿಂದ ಪೂರ್ಣ ಹಿಡಿತದ ಸಿ2ವರೆಗಿನ ಭಾಷಾ ಮಟ್ಟಗಳನ್ನು ಕೇಳುವ ಫಾರಂ ಬಂದರೆ ಪರೀಕ್ಷೆ ಬರೆದಿದ್ದರೆ ಅದರ ಫಲಿತಾಂಶ ಹಾಕಿ. ಬರೆಯದಿದ್ದರೆ ಸ್ವಂತ ಅಂದಾಜು ಎಂದು ಸ್ಪಷ್ಟವಾಗಿ ಸೂಚಿಸಿ.

“ಕನ್ನಡದಲ್ಲಿ ಸಂಕೋಚ, ಇಂಗ್ಲಿಷಿನಲ್ಲಿ ಬರೆದರೆ ಎಲ್ಲ ದೊಡ್ಡ ದೊಡ್ಡ ಪದ ಬಂದುಬಿಡುತ್ತವೆ. ಯಾಕೆ ಹೀಗೆ?”

ನೆಟ್ಟಿನಲ್ಲಿ ಸಿಗುವ ಮಾದರಿಗಳು ಹಾಗಿರುತ್ತವೆ, ಅದಕ್ಕೆ. ‘ಡೈನಾಮಿಕ್’, ‘ಪ್ಯಾಶನೇಟ್’, ‘ರಿಸಲ್ಟ್ ಓರಿಯೆಂಟೆಡ್’. ಪರಭಾಷೆಯಲ್ಲಿ ಹೊಗಳಿಕೊಂಡರೆ ಹೊಗಳಿಕೊಂಡ ಹಾಗೆ ಅನ್ನಿಸುವುದೇ ಇಲ್ಲ, ಯಾರದ್ದೋ ಅಂಗಿ ಹಾಕಿಕೊಂಡಂತೆ. ಆದರೆ ಓದುವವರು ಇಂಥ ಅಂಗಿಗಳನ್ನು ದಿನಾ ನೋಡುತ್ತಾರೆ. ಮೊದಲು ಕನ್ನಡದಲ್ಲೇ ಬರೆಯಿರಿ. ಆಮೇಲೆ ಇಂಗ್ಲಿಷಿಗೆ ತನ್ನಿ. ಕನ್ನಡದಲ್ಲಿ ನಿಮ್ಮ ಅಕ್ಕನ ಎದುರು ಗಟ್ಟಿಯಾಗಿ ಓದಲು ನಾಚಿಕೆಯಾಗುವ ವಾಕ್ಯವನ್ನು ಇಂಗ್ಲಿಷಿನಲ್ಲೂ ಬಿಡಿ.

“ಮೇಷ್ಟ್ರ ಹತ್ತಿರ ಶಿಫಾರಸು ಪತ್ರ ಕೇಳಿದರೆ ‘ನೀನೇ ಬರೆದು ತಾ, ಸಹಿ ಹಾಕ್ತೇನೆ’ ಅಂದರು. ನನ್ನನ್ನು ನಾನೇ ಮೂರನೆಯವರ ಬಾಯಲ್ಲಿ ಹೊಗಳೋದಾ?”

ತುಂಬ ಕಡೆ ನಡೆಯುವ ವಿಷಯ ಇದು. ಅವರು ಸೋಮಾರಿಗಳೆಂದಲ್ಲ. ಎಷ್ಟೋ ಮಕ್ಕಳು ಬಂದು ಹೋದ ಮೇಲೆ ನಿಮ್ಮ ವಿವರ ಅವರಿಗೆ ನೆನಪಿರುವುದಿಲ್ಲ. ಹಾಗಂತ ಪೂರ್ತಿ ಪತ್ರವನ್ನು ನೀವೇ ಬರೆದುಕೊಡುವುದು ನನಗೆ ಒಪ್ಪಿಗೆಯಿಲ್ಲ. ಕೆಲವು ಸಂಸ್ಥೆಗಳು ಇದನ್ನು ನಿಷೇಧಿಸುತ್ತವೆ. ಅದೂ ಅಲ್ಲದೆ ಹಾಗೆ ಬರೆದ ಪತ್ರ ನಿಮ್ಮ ಅರ್ಜಿಯ ಮಾತುಗಳನ್ನೇ ಮತ್ತೆ ಹೇಳುತ್ತದೆ, ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಬದಲಿಗೆ ಒಂದು ಪುಟದ ಟಿಪ್ಪಣಿ ಕೊಡಿ. ‘ಸರ್, ನಿಮಗೆ ಸುಲಭವಾಗಲಿ ಅಂತ ಕೆಲವು ವಿಷಯ ನೆನಪು ಮಾಡಿಕೊಟ್ಟಿದ್ದೇನೆ’ ಎಂದರೆ ಅವರಿಗೂ ಬೇಸರವಿಲ್ಲ. ಅದರಲ್ಲಿ ಅವರು ಕಣ್ಣಾರೆ ಕಂಡದ್ದು ಮಾತ್ರ ಇರಲಿ. ಯಾವ ವರ್ಷ ಯಾವ ಪೇಪರ್ ಕಲಿಸಿದರು, ನೀವು ಯಾವ ಸೆಮಿನಾರ್ ಮಾಡಿದಿರಿ, ಪ್ರಾಜೆಕ್ಟಿನಲ್ಲಿ ಅವರು ಏನು ತಿದ್ದಿಸಿದರು, ನೀವು ಏನು ಬದಲಿಸಿದಿರಿ. ಈಗ ಹಾಕುತ್ತಿರುವ ಅರ್ಜಿ ಯಾವುದಕ್ಕೆ, ಕೊನೆಯ ದಿನಾಂಕ ಯಾವಾಗ ಎಂಬುದೂ ಇರಲಿ. ಗುಣವಾಚಕ ಒಂದೂ ಬೇಡ. ಹೊಗಳುವುದು ಬಿಡುವುದು ಅವರಿಗೆ ಬಿಟ್ಟದ್ದು. ತಿದ್ದಿಸಿಕೊಂಡು ಮತ್ತೆ ಬರೆದ ವಿದ್ಯಾರ್ಥಿ ಎಂಬ ಒಂದು ಸಂಗತಿ ‘ಪ್ರತಿಭಾವಂತ’ ಎಂಬ ಪದಕ್ಕಿಂತ ಪತ್ರದಲ್ಲಿ ಹೆಚ್ಚು ತೂಗುತ್ತದೆ.

“ಇದನ್ನು ಮನೆಯವರು ಓದಿದರೆ ‘ಏನು ಇವನ ದೊಡ್ಡಸ್ತಿಕೆ’ ಅಂತಾರೆ.”

ತೋರಿಸಿ ನೋಡಿ. ವಿವರ ಇರುವ ಬರಹಕ್ಕೆ ಮನೆಯವರು ಹಾಗೆ ಹೇಳುವುದು ಅಪರೂಪ. ಅವರು ತಿದ್ದುವುದೇ ಹೆಚ್ಚು. ಎರಡು ವರ್ಷ ಅಲ್ಲ, ಎರಡೂವರೆ ಎನ್ನುತ್ತಾರೆ. ಆ ತಿದ್ದುಪಡಿಯನ್ನು ತೆಗೆದುಕೊಳ್ಳಿ.

“ಬರೆದದ್ದೇನೋ ಸರಿ. ಇಂಟರ್‌ವ್ಯೂನಲ್ಲಿ ಅದನ್ನೇ ಕೇಳಿದಾಗ ಬಾಯಿಂದ ‘ಅದೇನು ದೊಡ್ಡದಲ್ಲ ಸರ್’ ಅಂತ ಬಂದುಬಿಡುತ್ತದೆ.”

ಬರುತ್ತದೆ. ಹೊಗಳಿಕೆ ಕೇಳಿದರೆ ತಳ್ಳಿಹಾಕುವುದು ನಮಗೆ ಚಿಕ್ಕಂದಿನಿಂದ ಅಂಟಿದ ಅಭ್ಯಾಸ. ಅದನ್ನು ಒತ್ತಿ ಹಿಡಿಯಲು ಹೋದರೆ ಮಾತೇ ನಿಂತುಹೋಗುತ್ತದೆ. ಅದಕ್ಕಿಂತ ಆ ಜಾಗದಲ್ಲಿ ಹೇಳಲು ಬೇರೆ ವಾಕ್ಯ ಸಿದ್ಧವಿಟ್ಟುಕೊಳ್ಳಿ. ‘ಚೆನ್ನಾಗಿ ಮಾಡಿದ್ದೀರಿ’ ಎಂದರೆ ‘ಥ್ಯಾಂಕ್ಯೂ ಸರ್. ಮೊದಲ ತಿಂಗಳು ಕಷ್ಟವಾಯಿತು, ಯಾಕಂದರೆ...’ ಎಂದು ಕೆಲಸದ ಒಳಗೆ ಹೋಗಿಬಿಡಿ. ಹೊಗಳಿಕೆಯನ್ನು ಒಪ್ಪಿದ್ದೂ ಆಯಿತು, ಅದರ ಮೇಲೆ ಕೂತದ್ದೂ ಇಲ್ಲ.

ಹೋಗುವ ಮೊದಲು ಅರ್ಜಿಯ ಒಂದೊಂದು ವಾಕ್ಯವನ್ನೂ ಯಾರಾದರೂ ಗೆಳೆಯರ ಕೈಗೆ ಕೊಟ್ಟು ‘ಹೌದಾ, ಅದು ಹೇಗೆ?’ ಎಂದು ಕೇಳಲು ಹೇಳಿ. ಎರಡು ನಿಮಿಷ ಮಾತಾಡಲು ಬಂದರೆ ಆ ವಾಕ್ಯ ಗಟ್ಟಿ. ಅರ್ಧ ನಿಮಿಷಕ್ಕೆ ಮಾತು ಮುಗಿದರೆ ಮುಂದಿನ ಅರ್ಜಿಯಿಂದ ಆ ವಾಕ್ಯ ತೆಗೆದುಹಾಕಿ. ಈ ಅರ್ಜಿ ಈಗಾಗಲೇ ಹೋಗಿಬಿಟ್ಟಿದ್ದರೆ, ಆ ವಾಕ್ಯದ ಬಗ್ಗೆ ಕೇಳಿದಾಗ ಇದ್ದಷ್ಟು ಹೇಳಿ ನಿಲ್ಲಿಸಿ. ‘ಅದರಲ್ಲಿ ನನ್ನ ಪಾಲು ಇಷ್ಟೇ ಸರ್’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎದುರು ಕೂತವರು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.